'ಮದುವೆ ಯಾವಾಗ?' ಅಂದ್ರೆ ಮಾತು ತಪ್ಪಿಸಿದಾಗ

ನಾವಿಬ್ಬರು ತುಮಕೂರಲ್ಲಿ ಓದ್ತಾ ಮೂರು ವರ್ಷದಿಂದ ಜೊತೆಗಿದ್ದೀವಿ. ಒಬ್ಬರದು ಗುಬ್ಬಿ, ಇನ್ನೊಬ್ಬರದು ಕುಣಿಗಲ್. ಗುಬ್ಬಿಯವರು "ಮದುವೆ ಯಾವಾಗ?" ಅಂದಾಗೆಲ್ಲ ಕುಣಿಗಲ್‌ನವರು "ಮೊದಲು ಪ್ಲೇಸ್‌ಮೆಂಟ್ ಆಗ್ಲಿ ಬಿಡು" ಅಂತ ಬಸ್ ಹತ್ತಿಬಿಡೋದು. ಪ್ಲೇಸ್‌ಮೆಂಟ್ ಆಯ್ತು, ಆಮೇಲೆ "ಜಾಯಿನ್ ಆಗ್ಲಿ" ಶುರುವಾಯ್ತು. ಒಂದು ನೆಪ ತೀರಿದ ಕೂಡಲೇ ಇನ್ನೊಂದು ಬಂದರೆ ತೊಡಕು ಕೆಲಸದ್ದಲ್ಲ.

ಆ ಒಂದು ಪ್ರಶ್ನೆಯೊಳಗೆ ಮೂರಿವೆ: ಮದುವೆ ಆಗೋದು ನಿಜವಾ, ಮನೇಲಿ ಹೇಳೋದು ಯಾವಾಗ, ಮುಹೂರ್ತ ಯಾವಾಗ. ಬಿಡಿಸಿ ಕೇಳಿದಾಗ ಮೊದಲನೆಯದಕ್ಕೆ "ಹೌದು" ಅಂತ ತಕ್ಷಣ ಬಂತು. ಎರಡನೆಯದಕ್ಕೆ ಮೌನ. ಆಮೇಲೆ, "ಅಕ್ಕನಿಗೆ ಗಂಡು ನೋಡ್ತಿದ್ದಾರೆ. ಈಗ ನಾನು ಬೇರೆ ಜಾತಿ ಅಂದ್ರೆ ಅವಳ ಸಂಬಂಧ ಮುರಿಯುತ್ತೆ." ಗಂಟು ಇದ್ದದ್ದು ಅಲ್ಲಿ.

ಹಾಗಾಗಿ ಮುಹೂರ್ತ ಬಿಟ್ಟು ಹೇಳೋ ಕ್ರಮ ಗೊತ್ತುಮಾಡಿಕೊಂಡೆವು: ಅಕ್ಕನ ಮದುವೆ ಆದ ಮೇಲೆ ಮೊದಲು ಅವಳಿಗೆ, ನಂತರ ಅಮ್ಮನಿಗೆ. ಆದರೆ ಕಾಯೋರಿಗೂ ಒಂದು ಗಡಿ ಬೇಕಲ್ಲ. ಅದನ್ನ ಮುಂದಿನ ಯುಗಾದಿಗೆ ಇಟ್ಟೆವು. ಅಷ್ಟರಲ್ಲಿ ಸಂಬಂಧ ಕೂಡಿರದಿದ್ದರೂ ಅಕ್ಕನಿಗೆ ಹೇಳಲೇಬೇಕು.

ಮನೆಯವರು ಒಪ್ಪದಿದ್ದರೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಆದರೆ ಅದಕ್ಕೂ ನೋಟಿಸ್ ಕೊಟ್ಟು 30 ದಿನ ಕಾಯಬೇಕು. ನೋಟಿಸನ್ನ ಕಚೇರಿಯಲ್ಲಿ ಎಲ್ಲರಿಗೂ ಕಾಣೋ ಹಾಗೆ ಅಂಟಿಸ್ತಾರೆ. ಅಂದ್ರೆ ಮನೇಲಿ ಹೇಳೋದನ್ನ ಅದೂ ತಪ್ಪಿಸಲ್ಲ.

ಯುಗಾದಿ ಬಂದರೂ ಬಾಯಿ ಬಿಡದಿದ್ದರೆ? ಆಗ ಮತ್ತೆ ಕೇಳಬೇಕಾದ್ದು ಮೊದಲನೇ ಪ್ರಶ್ನೆ.