ಈ ಭಾನುವಾರ ‘ಅಕ್ಕು’ ಓದೋಣ, ಬನ್ನಿ

ಈ ತಿಂಗಳ ಓದಿಗೆ ವೈದೇಹಿಯವರ ‘ಅಕ್ಕು’. ಲೋದಿ ಗಾರ್ಡನ್ನಿನ ಬಡಾ ಗುಂಬದ್ ಮುಂದಿನ ಹುಲ್ಲುಹಾಸಿನಲ್ಲಿ, ಭಾನುವಾರ ಬೆಳಿಗ್ಗೆ 10ಕ್ಕೆ. ದೆಹಲಿಯಲ್ಲಿ ಕನ್ನಡ ಪುಸ್ತಕ ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ಯಾರೂ ಮೊದಲೇ ಓದಿಕೊಂಡು ಬರಬೇಕಿಲ್ಲ. ಒಂದೇ ಪ್ರತಿ ಕೈಯಿಂದ ಕೈಗೆ ಹೋಗುತ್ತದೆ, ಒಬ್ಬರಾದ ಮೇಲೆ ಒಬ್ಬರು ಗಟ್ಟಿಯಾಗಿ ಓದುತ್ತೇವೆ.

ಈ ಕತೆಯ ಸಂಭಾಷಣೆ ಕುಂದಾಪ್ರ ಕನ್ನಡದಲ್ಲಿದೆ. ಬೀದರಿನವರಿಗೂ ಮೈಸೂರಿನವರಿಗೂ ನಾಲಿಗೆ ಅಲ್ಲಲ್ಲಿ ತಡವರಿಸುತ್ತದೆ. ಕಣ್ಣಲ್ಲಿ ಓದಿದರೆ ಹಾರಿಹೋಗುವ ಸಾಲು, ಆ ಕಡೆಯವರ ಬಾಯಲ್ಲಿ ಕೇಳಿದಾಗ ಥಟ್ಟನೆ ತಿಳಿಯುತ್ತದೆ. ಅದಕ್ಕೇ ಸಂಭಾಷಣೆಯನ್ನು ಕರಾವಳಿಯವರಿಗೆ ಬಿಟ್ಟು, ನಿರೂಪಣೆಯನ್ನು ಉಳಿದವರು ಹಂಚಿಕೊಳ್ಳುತ್ತೇವೆ. ಅರ್ಥವಾಗದಿದ್ದರೆ ಅಲ್ಲೇ ನಿಲ್ಲಿಸಿ ಕೇಳಿ, ಹಿಂದಿನ ಸಾಲಿನಿಂದ ಮತ್ತೆ ಓದುತ್ತೇವೆ. ಅಕ್ಕುವನ್ನು ಮನೆಯವರೆಲ್ಲ ಹುಚ್ಚಿ ಅನ್ನುತ್ತಾರೆ. ಅವಳ ಮಾತನ್ನು ಅವಸರದಲ್ಲಿ ಓದಿದರೆ ನಾವೂ ಹಾಗೇ ಅಂದುಬಿಡುತ್ತೇವೆ. ನಿಧಾನವಾಗಿ ಓದಬೇಕಾದ ಕತೆ ಇದು.

ಮೊದಲ ಸಲ ಬರುವವರು ಓದಲೇಬೇಕೆಂದಿಲ್ಲ. ಇಲ್ಲೇ ಬೆಳೆದು, ಮನೆಯಲ್ಲಿ ಕನ್ನಡ ಆಡಿ, ಅಕ್ಷರ ಕಲಿಯದ ಮಕ್ಕಳೂ ಬರಲಿ. ಕೇಳಿದರೆ ಸಾಕು.

ಜೋರ್ ಬಾಗ್ ಮೆಟ್ರೊದಿಂದ ನಡೆದೇ ಬರಬಹುದು. ಕೂರಲು ಒಂದು ಚಾದರ ತನ್ನಿ, ಬೆಳಿಗ್ಗೆ ಹುಲ್ಲು ಒದ್ದೆಯಿರುತ್ತದೆ.