ಊರಿಗೆ ಬರುವ ತಾರೀಖು

ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಮಾಡುತ್ತಿದ್ದ ಹಾಸನದ ಕಡೆಯ ಎಂಜಿನಿಯರ್ ಒಬ್ಬರಿಗೆ 2024ರ ಮಾರ್ಚ್ 11ರಂದು ಬೆಂಗಳೂರಿನ ಕಂಪನಿಯೊಂದರಿಂದ ಫೋನ್ ಬಂತು. ‘ನೀವು ಆಯ್ಕೆಯಾಗಿದ್ದೀರಿ. ಏಪ್ರಿಲ್ ಮಧ್ಯಕ್ಕೆ ಬಂದು ಸೇರಿಕೊಳ್ಳಿ. ನೋಟಿಸ್ ಅವಧಿಯ ಹಣ ಬೇಕಾದರೆ ನಾವೇ ಕಟ್ಟುತ್ತೇವೆ’ ಎಂದರು ಸಿಬ್ಬಂದಿ ವಿಭಾಗದವರು. ಸಂಬಳದ ಮಾತು ಹತ್ತು ನಿಮಿಷಕ್ಕೆ ಮುಗಿಯಿತು. ತಾರೀಖಿನ ಮಾತಿಗೆ ಹದಿನೇಳು ದಿನ ಹಿಡಿಯಿತು.

ನೋಟಿಸ್ ಅವಧಿಯ ಬದಲು ಅಷ್ಟು ದಿನದ ಸಂಬಳ ಕಟ್ಟಿ ಹೊರಡಲು ನಮ್ಮಲ್ಲಿ ಅನೇಕ ನೇಮಕಪತ್ರಗಳಲ್ಲಿ ಅವಕಾಶವಿರುತ್ತದೆ. ಜರ್ಮನಿಯಲ್ಲಿ ಹಾಗೆ ಹಣ ಕಟ್ಟಿ ಹೊರಡುವ ಹಕ್ಕಿಲ್ಲ. ಮಾಲೀಕರು ತಾವಾಗಿ ಒಪ್ಪಿದರೆ ಮಾತ್ರ ಬೇಗ ಬಿಡುಗಡೆ. ಅಲ್ಲಿನ ಕಾನೂನು ನೌಕರನಿಗೆ ಹೇಳುವುದು ನಾಲ್ಕು ವಾರದ ನೋಟಿಸ್. ಆದರೆ ಒಪ್ಪಂದದಲ್ಲಿ ಹೆಚ್ಚು ಬರೆದುಕೊಳ್ಳಬಹುದು. ಇವರ ಒಪ್ಪಂದದಲ್ಲಿದ್ದದ್ದು ಮೂರು ತಿಂಗಳು, ಅದೂ ತ್ರೈಮಾಸಿಕದ ಕೊನೆಗೆ. ಅಂದರೆ ರಾಜೀನಾಮೆ ಮಾರ್ಚ್ 31ರೊಳಗೆ ಕಚೇರಿಗೆ ತಲುಪಿದರೆ ಜೂನ್ 30ಕ್ಕೆ ಬಿಡುಗಡೆ. ಏಪ್ರಿಲ್ ಒಂದಕ್ಕೆ ತಲುಪಿದರೆ ಸೆಪ್ಟೆಂಬರ್ 30ಕ್ಕೆ. ಒಂದು ದಿನದ ತಡಕ್ಕೆ ಮೂರು ತಿಂಗಳ ದಂಡ!

ಆ ವರ್ಷ ಮಾರ್ಚ್ 29 ಗುಡ್ ಫ್ರೈಡೇ, 31 ಈಸ್ಟರ್ ಭಾನುವಾರ. ಹಾಗಾಗಿ ಕಚೇರಿ ತೆರೆದಿರುವ ಕೊನೆಯ ದಿನ ಗುರುವಾರ, 28. ಇ-ಮೇಲ್ ಕಳಿಸಿದರೆ ನಡೆಯದು. ಕಾಗದದ ಮೇಲೆ ಶಾಯಿಯ ಸಹಿ ಇಲ್ಲದ ರಾಜೀನಾಮೆ ಅಲ್ಲಿ ರಾಜೀನಾಮೆಯೇ ಅಲ್ಲ.

ಊರಿನಲ್ಲಿದ್ದ ತಂದೆಗೆ ಇದು ಅತಿ ಎಚ್ಚರಿಕೆ ಎನಿಸಿತು. ‘ಫೋನಿನಲ್ಲಿ ಹೇಳಿದ ಮೇಲೆ ಆಯಿತಲ್ಲ ಮಗಾ, ರಾಜೀನಾಮೆ ಕೊಟ್ಟುಬಿಡು’ ಎಂದರು.

‘ಇಲ್ಲಪ್ಪಾ, ನಾವು ಇಲ್ಲಿರೋ ಅನುಮತಿ ಈ ನೌಕರಿ ಮೇಲೇ ನಿಂತಿದೆ. ಇದೂ ಹೋಗಿ ಅದೂ ಬರದಿದ್ರೆ ಮನೆ, ಮಗಳ ಸ್ಕೂಲು ಎಲ್ಲಾ ಒಟ್ಟಿಗೆ ಅಲ್ಲಾಡುತ್ತೆ’ ಎಂದರು ಮಗ.

ಮಾರ್ಚ್ 13ರ ರಾತ್ರಿ ಅವರು ಕಂಪನಿಗೆ ಬರೆದ ಪತ್ರದ ಸಾರ ಹೀಗಿತ್ತು:

‘ಕೆಲಸ ಒಪ್ಪಿಕೊಳ್ಳಲು ಸಂತೋಷವಿದೆ. ಸಹಿ ಮಾಡಿದ ನೇಮಕಪತ್ರ ಮಾರ್ಚ್ 22ರೊಳಗೆ ಬಂದರೆ ಜೂನ್ 30ಕ್ಕೆ ಇಲ್ಲಿಂದ ಬಿಡುಗಡೆಯಾಗಿ ಜುಲೈ 15, ಸೋಮವಾರ ಸೇರುತ್ತೇನೆ. ಪತ್ರ ಏಪ್ರಿಲ್‌ನಲ್ಲಿ ಬಂದರೆ ಸೇರುವುದು ಅಕ್ಟೋಬರ್ ಮಧ್ಯಕ್ಕೆ. ಮೂರು ಟಿಕೆಟ್, ಹಡಗಿನ ಸಾಗಣೆ, ಬಂದರಿನ ಖರ್ಚು, 45 ದಿನದ ತಾತ್ಕಾಲಿಕ ವಸತಿ ಇವು ನೇಮಕಪತ್ರದಲ್ಲೇ ಬರಲಿ. ವರ್ಷದೊಳಗೆ ಬಿಟ್ಟರೆ ಸ್ಥಳಾಂತರದ ಹಣ ಹಿಂತಿರುಗಿಸಬೇಕೆಂಬ ಷರತ್ತಿದ್ದರೆ, ಕೆಲಸ ಮಾಡಿದ ತಿಂಗಳುಗಳನ್ನು ಕಳೆದು ಉಳಿದಷ್ಟಕ್ಕೆ ಮಾತ್ರ ಎಂದು ಬರೆಯಿರಿ.’

ಇದರಲ್ಲಿ ‘ಆದಷ್ಟು ಬೇಗ ಬರುತ್ತೇನೆ’ ಎಂಬ ಮಾತಿಲ್ಲ. ಎರಡು ತಾರೀಖುಗಳಿವೆ; ಯಾವುದು ಎಂಬುದು ಕಂಪನಿಯ ಕೈಯಲ್ಲೇ ಇದೆ. 45 ದಿನ ಕೇಳಿದ್ದಕ್ಕೂ ಕಾರಣವಿತ್ತು. ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ನಡೆಯುತ್ತಿದ್ದುದರಿಂದ 2023ರ ಕೊನೆಯಿಂದ ಯೂರೋಪಿನ ಅನೇಕ ಸರಕು ಹಡಗುಗಳು ಆಫ್ರಿಕಾದ ತುದಿಯನ್ನು ಬಳಸಿ ಬರುತ್ತಿದ್ದವು. ಪಾತ್ರೆ, ಹಾಸಿಗೆ ಬರುವ ಮೊದಲೇ ಖಾಲಿ ಮನೆಗೆ ಹೋಗಿ ಮಾಡುವುದೇನು?

ಉತ್ತರ ಬಂತು: ‘ಮೊದಲು ರಾಜೀನಾಮೆ ಕೊಡಿ, ತಿಂಗಳ ಕೊನೆಗೆ ಪತ್ರ ಕಳಿಸುತ್ತೇವೆ.’ ಅವರು ಅದೇ ಎರಡು ತಾರೀಖುಗಳನ್ನು ಮತ್ತೆ ಬರೆದು ಕಳಿಸಿದರು. 22 ಕಳೆಯಿತು. 26ರಂದು ನೇಮಕಪತ್ರ ಬಂತು. ಆದರೆ ಸೇರುವ ದಿನ ಜುಲೈ 1 ಎಂದಿತ್ತು. ಜೂನ್ 30ರ ತನಕ ಸ್ಟುಟ್‌ಗಾರ್ಟ್‌ನ ನೌಕರ, ಮರುದಿನ ಬೆಳಿಗ್ಗೆ ಬೆಂಗಳೂರಿನಲ್ಲಿ ಹಾಜರಿ! ಹಾಗೇ ಸಹಿ ಹಾಕಿದ್ದರೆ ಸೇರುವ ಮೊದಲೇ ಮಾತು ತಪ್ಪಿದಂತಾಗುತ್ತಿತ್ತು. ಮನೆ ಒಪ್ಪಿಸಬೇಕು, ನಗರಾಡಳಿತದ ಕಚೇರಿಯಲ್ಲಿ ಊರು ಬಿಟ್ಟ ದಾಖಲೆ ಮಾಡಿಸಬೇಕು ಎಂದು ವಿವರಿಸಿ ತಿದ್ದಿಕೊಡಲು ಕೇಳಿದರು. ಜುಲೈ 15 ಎಂದು ತಿದ್ದಿದ ಪತ್ರ 27ರ ಮಧ್ಯಾಹ್ನ ಬಂತು.

28ರ ಬೆಳಿಗ್ಗೆ ಅವರು ರಾಜೀನಾಮೆಯನ್ನು ಅಂಚೆಗೆ ಹಾಕಲಿಲ್ಲ. ಬರೆದ ದಿನ ಲೆಕ್ಕಕ್ಕಿಲ್ಲ, ತಲುಪಿದ ದಿನವೇ ಲೆಕ್ಕ. ಎರಡು ಪ್ರತಿ ಒಯ್ದು ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ‘ತಲುಪಿದೆ’ ಎಂದು ತಾರೀಖು ಸಹಿತ ಬರೆಸಿಕೊಂಡರು. ಬಾಡಿಗೆ ಮನೆಗೂ ಮೂರು ತಿಂಗಳ ನೋಟಿಸ್ ಬೇಕಿತ್ತು. ಅದೂ ಜೂನ್ ಕೊನೆಗೇ ಮುಗಿಯಲೆಂದು ಅಂದೇ ಮನೆಯ ಮಾಲೀಕರಿಗೂ ಪತ್ರ ಕೊಟ್ಟರು.

ವರ್ಷಕ್ಕೆ 30 ರಜೆಯ ಲೆಕ್ಕದಲ್ಲಿ ಅರ್ಧ ವರ್ಷಕ್ಕೆ 15 ದಿನ ಉಳಿದಿತ್ತು. ಜೂನ್ 10ರಿಂದ ಆ ರಜೆ ಹಾಕಿ ಸಾಮಾನು ಕಟ್ಟಿದರು. ‘ರಜೆಯಲ್ಲಿದ್ದೀರಲ್ಲ, ಈಗಲೇ ಮನೆಯಿಂದ ಕೆಲಸ ಶುರುಮಾಡಬಹುದೇ?’ ಎಂದು ಬೆಂಗಳೂರಿನವರು ಕೇಳಿದಾಗ ಆಗದು ಎಂದರು. ರಜೆಯಲ್ಲಿದ್ದರೂ 30ರ ತನಕ ಅವರು ಹಳೆಯ ಕಂಪನಿಯ ನೌಕರರೇ.

ಜುಲೈ 15ರಂದು ಅವರು ಬೆಂಗಳೂರಿನಲ್ಲಿ ಹಾಜರಾದರು. ಪಾತ್ರೆ, ಹಾಸಿಗೆ, ಮಗಳ ಸೈಕಲ್ಲು ಇನ್ನೂ ಸಮುದ್ರದ ಮೇಲೆಯೇ ಇದ್ದವು.