ಗುರು ಯಾಕೆ ಗುರನ್ನು ಆಗಲ್ಲ?

“‘ಊರು + ಅನ್ನು’ ಊರನ್ನು ಆಗತ್ತೆ, ‘ಗುರು + ಅನ್ನು’ ಯಾಕೆ ಗುರನ್ನು ಆಗಲ್ಲ ಚಿಕ್ಕಮ್ಮ?” ಅಂತ ಅಕ್ಕನ ಮಗಳು ವಾಟ್ಸಾಪ್ ಮಾಡಿದ್ಲು. ‘ಗುರುವನ್ನು’ ಅಂತಷ್ಟೇ ಕಳಿಸಿದ್ರೆ ಅವಳಿಗೆ ಒಂದು ಪದ ಸಿಗ್ತಿತ್ತು, ಅಷ್ಟೇ. ಅದಕ್ಕೇ ಹಂತ ಹಂತವಾಗಿ ಬರೆದೆ.

ಮೊದಲು, ಸೇರುವ ಸ್ವರಗಳನ್ನು ನೋಡು: ಎರಡರಲ್ಲೂ ಉ, ಅ. ಆಮೇಲೆ ಉ ಬಿಟ್ಟು ಓದು. ‘ಊರನ್ನು’ ಅಂದ್ರೆ ಅರ್ಥ ಕೆಡಲ್ಲ, ಅದು ಲೋಪಸಂಧಿ. ‘ಗುರನ್ನು’ ಅಂದ್ರೆ ಗುರುಗಳೇ ಮಾಯ! ಹಾಗಾಗಿ ಉ ಉಳೀಬೇಕು, ನಡುವೆ ವ್ ಬರಬೇಕು, ಅದು ಆಗಮಸಂಧಿ.

ಅರ್ಥವಾಯ್ತಾ ಅಂತ ಕೇಳಲಿಲ್ಲ. ‘ಕಾಡು’, ‘ಮಗು’ ಕೊಟ್ಟು ಕಾರಣ ಬರೆಯೋಕೆ ಹೇಳಿದೆ. “ಕಾಡನ್ನು ಅಂದ್ರೂ ಕಾಡೇ. ಮಗನ್ನು ಅಂದ್ರೆ ಮಗು ಕಾಣಲ್ಲ, ಅದಕ್ಕೆ ಮಗುವನ್ನು” ಅಂತ ಬಂತು. ‘ಮನೆ’ಗೆ ಮಾತ್ರ ಇನ್ನೊಂದು ಸಾಲು ಸೇರಿಸಿದೆ: ಇ, ಎ ಆದ್ಮೇಲೆ ಬರೋದು ವ್ ಅಲ್ಲ, ಯ್.